ಕೈಯಲ್ಲಿರುವ 5 ಲಕ್ಷ ಗೃಹಸಾಲಕ್ಕೋ, ಮ್ಯೂಚುವಲ್ ಫಂಡ್‌ಗೋ?

ಪ್ರಶ್ನೆ: ಮೈಸೂರಿನಲ್ಲಿ ನಾವೇ ವಾಸ ಇರೋ ಫ್ಲ್ಯಾಟ್ ಮೇಲೆ ಇನ್ನೂ 30 ಲಕ್ಷ ಸಾಲ ಇದೆ. ಬಡ್ಡಿ 8.5%, ಫ್ಲೋಟಿಂಗ್. 15 ವರ್ಷ ಬಾಕಿ, ಇಎಂಐ 29,542. ಸಂಬಳ ವರ್ಷಕ್ಕೆ 15 ಲಕ್ಷ. ಈಗ ಕೈಗೆ 5 ಲಕ್ಷ ಬಂದಿದೆ. ಸಾಲಕ್ಕೆ ಕಟ್ಟಿಬಿಡಲಾ, ಮ್ಯೂಚುವಲ್ ಫಂಡ್‌ಗೆ ಹಾಕಲಾ? ತೆರಿಗೆ ಉಳಿತಾಯ ಹೋಗುತ್ತೆ, ಸಾಲ ತೀರಿಸಬೇಡ ಅಂತ ಆಫೀಸಿನಲ್ಲಿ ಎಲ್ಲರೂ ಹೇಳ್ತಾರೆ.

ಉತ್ತರ:

ಮೊದಲು ಆಫೀಸಿನವರ ಮಾತನ್ನೇ ನೋಡೋಣ. ಅದು ಇತ್ಯರ್ಥವಾಗದೆ ಉಳಿದ ಲೆಕ್ಕಕ್ಕೆ ಕೈಹಾಕಲಾಗದು.

ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ಸಿಗುವ ಕಡಿತವೂ ಅಸಲಿಗೆ 80ಸಿ ಅಡಿ ಸಿಗುವ 1.5 ಲಕ್ಷವೂ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಇವೆ. ಹೊಸ ಪದ್ಧತಿಯಲ್ಲಿ ಎರಡೂ ಇಲ್ಲ. ನಿಮ್ಮ ಸಂಬಳಕ್ಕೆ 2025-26ರ ದರದಲ್ಲಿ ಲೆಕ್ಕ ಹಾಕಿ ನೋಡಿ. ಹೊಸ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ಉಳಿಯುವುದು 14.25 ಲಕ್ಷ. ಅದಕ್ಕೆ ಸೆಸ್ ಸೇರಿ ತೆರಿಗೆ 97,500. ಹಳೆಯ ಪದ್ಧತಿಯಲ್ಲಿ 50,000 ಸ್ಟ್ಯಾಂಡರ್ಡ್ ಡಿಡಕ್ಷನ್, 80ಸಿಯ ಪೂರ್ತಿ 1.5 ಲಕ್ಷ, ಗೃಹಸಾಲದ ಬಡ್ಡಿಯ ಪೂರ್ತಿ 2 ಲಕ್ಷ ಎಲ್ಲ ಕಳೆದರೂ 11 ಲಕ್ಷ ಉಳಿಯುತ್ತದೆ, ತೆರಿಗೆ 1,48,200 ಆಗುತ್ತದೆ. ಅಂದರೆ ಗೃಹಸಾಲದ ಎಲ್ಲ ಲಾಭ ಪಡೆದ ಮೇಲೂ ಹಳೆಯ ಪದ್ಧತಿಯಲ್ಲಿ ನೀವು ಸುಮಾರು 50,000 ಹೆಚ್ಚು ಕಟ್ಟುತ್ತೀರಿ. ಹಳೆಯದು ನಿಮಗೆ ಲಾಭ ಅನಿಸಬೇಕಾದರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು ಬೇರೆ ಕಡಿತಗಳೇ 5.44 ಲಕ್ಷ ದಾಟಬೇಕು. ಸ್ವಂತ ಮನೆಯಲ್ಲಿದ್ದು ಬಾಡಿಗೆ ಭತ್ಯೆಯ ವಿನಾಯಿತಿ ಇಲ್ಲದವರು ಅಷ್ಟು ಮುಟ್ಟುವುದು ಕಷ್ಟ.

ಹಾಗಾಗಿ ನಿಮ್ಮ ವಿಷಯದಲ್ಲಿ ಸಾಲ ತೀರಿಸಿದರೆ ಕಳೆದುಕೊಳ್ಳಲು ಯಾವ ತೆರಿಗೆ ಉಳಿತಾಯವೂ ಇಲ್ಲ. 8.5% ಅನ್ನುವುದು ಪೂರ್ತಿ 8.5%. ಸಹೋದ್ಯೋಗಿಗಳು ಹೇಳುತ್ತಿರುವುದು ಕೆಲವು ವರ್ಷಗಳ ಹಿಂದೆ ಸರಿಯಾಗಿದ್ದ ಮಾತು. ಹೊಸ ಪದ್ಧತಿಯ ದರಗಳು ಇಳಿಯುತ್ತ ಬಂದ ಮೇಲೂ ಅದು ಬಾಯಿಂದ ಬಾಯಿಗೆ ಹಾಗೇ ಓಡಾಡುತ್ತಿದೆ.

ಹಳೆಯ ಪದ್ಧತಿಯಲ್ಲೇ ಇರುವವರೂ ಇದನ್ನು ಓದುತ್ತಿರಬಹುದು, ಅವರಿಗೂ ಒಂದು ಮಾತು. ಬಡ್ಡಿಯ ಕಡಿತಕ್ಕೆ 2 ಲಕ್ಷದ ಮಿತಿ ಇದೆ ಅನ್ನುವುದನ್ನು ಜನ ಮರೆಯುತ್ತಾರೆ. 2 ಲಕ್ಷವನ್ನು 8.5%ರಿಂದ ಭಾಗಿಸಿದರೆ 23.5 ಲಕ್ಷ ಬರುತ್ತದೆ. ಬಾಕಿ ಅಸಲು ಅದಕ್ಕಿಂತ ಮೇಲಿದ್ದಷ್ಟು ಭಾಗದ ಬಡ್ಡಿಗೆ ಹಳೆಯ ಪದ್ಧತಿಯಲ್ಲೂ ತೆರಿಗೆ ಲಾಭ ಇಲ್ಲ. ನಿಮ್ಮದೇ ಸಾಲದಲ್ಲಿ ಮೊದಲ ವರ್ಷದ ಬಡ್ಡಿ ಸುಮಾರು 2.51 ಲಕ್ಷ. 5 ಲಕ್ಷ ಕಟ್ಟಿದ ಮೇಲೆ ಅದು 2.07 ಲಕ್ಷಕ್ಕೆ ಇಳಿಯುತ್ತದೆ. ಎರಡೂ 2 ಲಕ್ಷಕ್ಕಿಂತ ಮೇಲೇ ಇವೆ, ಆದ್ದರಿಂದ ಆ ವರ್ಷ ಕಡಿತ ಒಂದು ರೂಪಾಯಿಯೂ ಕಡಿಮೆಯಾಗದು. 23.5 ಲಕ್ಷದ ಕೆಳಗೆ ಮಾತ್ರ ಚಿತ್ರ ಬದಲಾಗುತ್ತದೆ. ಅಲ್ಲಿ 30% ತೆರಿಗೆ ಹಂತದವರಿಗೆ ಸಾಲದ ನಿಜವಾದ ವೆಚ್ಚ ಸುಮಾರು 6%, 20% ಹಂತದವರಿಗೆ ಸುಮಾರು 7%. 6%ರ ಸಾಲವನ್ನು ಅವಸರದಿಂದ ತೀರಿಸಬೇಕಿಲ್ಲ. ಪಿಪಿಎಫ್‌ನ ತೆರಿಗೆಯಿಲ್ಲದ 7.1% ಅದಕ್ಕಿಂತ ಮೇಲು. ಗಂಡ-ಹೆಂಡತಿ ಇಬ್ಬರೂ ಮನೆಗೆ ಪಾಲುದಾರರಾಗಿ, ಸಾಲವನ್ನೂ ಇಬ್ಬರೂ ಸಮನಾಗಿ ಕಟ್ಟುತ್ತಿದ್ದರೆ ತಲಾ 2 ಲಕ್ಷದ ಮಿತಿ ಇರುವುದರಿಂದ ಆ ಗಡಿ 47 ಲಕ್ಷಕ್ಕೆ ಏರುತ್ತದೆ.

ಈಗ ನಿಮ್ಮ 5 ಲಕ್ಷ ಸಾಲದೊಳಗೆ ಹೋದರೆ ಏನು ಮಾಡುತ್ತದೆ ನೋಡೋಣ. ಬಾಕಿ 25 ಲಕ್ಷಕ್ಕೆ ಇಳಿಯುತ್ತದೆ. ಇಎಂಐ ಅದೇ 29,542 ಕಟ್ಟುತ್ತ ಹೋದರೆ 180 ಕಂತಿನ ಬದಲು 130 ಕಂತಿಗೆ ಸಾಲ ಮುಗಿಯುತ್ತದೆ. ನಾಲ್ಕು ವರ್ಷದ ಮೇಲೆ ಎರಡು ತಿಂಗಳು ಉಳಿತು. ಇದನ್ನು ಎಕ್ಸೆಲ್‌ನಲ್ಲೋ ಗೂಗಲ್ ಶೀಟ್‌ನಲ್ಲೋ ನೀವೇ ಹಾಕಿ ನೋಡಬಹುದು:

```
=NPER(8.5%/12,-29542,2500000)
```

ಉತ್ತರ 129.6 ಬರುತ್ತದೆ. ಒಟ್ಟು ಬಡ್ಡಿಯಲ್ಲಿ ಸುಮಾರು 9.88 ಲಕ್ಷ ಉಳಿಯುತ್ತದೆ. ಅದೇ 5 ಲಕ್ಷ ಕಟ್ಟಿ, ಅವಧಿ 15 ವರ್ಷವೇ ಇರಲಿ, ಇಎಂಐ ಇಳಿಸಿ ಎಂದು ಕೇಳಿದರೆ ಹೊಸ ಇಎಂಐ 24,618 ಆಗುತ್ತದೆ, ಉಳಿಯುವ ಬಡ್ಡಿ ಸುಮಾರು 3.86 ಲಕ್ಷ ಮಾತ್ರ.

ಈ ಎರಡು ಅಂಕಿಗಳೇ ಹೆಚ್ಚಿನವರನ್ನು ದಾರಿ ತಪ್ಪಿಸುವುದು. "5 ಲಕ್ಷಕ್ಕೆ 9.88 ಲಕ್ಷ ಉಳಿತಾಯ" ಅಂದ ತಕ್ಷಣ ದುಡ್ಡು ಮೂರು ಪಟ್ಟಾದ ಹಾಗೆ ಕಾಣುತ್ತದೆ. ನಿಜ ಏನೆಂದರೆ ಎರಡೂ ದಾರಿಯಲ್ಲಿ ನಿಮ್ಮ 5 ಲಕ್ಷ ದುಡಿಯುವುದು ಅದೇ 8.5%ಕ್ಕೆ. ಅವಧಿ ಇಳಿಸಿದಾಗ ತಿಂಗಳಿಗೆ 4,924 ರೂಪಾಯಿ ಹೆಚ್ಚುವರಿಯಾಗಿ ನೀವೇ ಸಾಲಕ್ಕೆ ಕಟ್ಟುತ್ತ ಹೋಗುತ್ತೀರಿ. ಇಎಂಐ ಇಳಿಸಿದಾಗ ಆ ಹಣ ನಿಮ್ಮ ಕೈಗೆ ಬರುತ್ತದೆ. ವ್ಯತ್ಯಾಸ ಇಷ್ಟೇ. ಆ 4,924 ಮನೆಖರ್ಚಿನಲ್ಲಿ ಕರಗಿಹೋಗುತ್ತದೆ ಅನ್ನುವುದು ಗೊತ್ತಿರುವುದರಿಂದಲೇ ನಾನು ಅವಧಿ ಇಳಿಸಿ ಅನ್ನುವುದು. ಆ ದಾರಿಯಲ್ಲಿ ನಿಮ್ಮ ಹಣ ದುಡಿಯುವ ದರವೇನೂ ಹೆಚ್ಚಾಗುವುದಿಲ್ಲ.

ಹಾಗಾದರೆ ಹೂಡಿಕೆಯ ಜೊತೆ ಹೋಲಿಸುವುದು ಹೇಗೆ? ಎರಡನ್ನೂ ಒಂದೇ ದಿನಕ್ಕೆ, ಅಂದರೆ 15 ವರ್ಷದ ಕೊನೆಗೆ ತಂದು ನಿಲ್ಲಿಸಬೇಕು. ಸಾಲಕ್ಕೆ ಕಟ್ಟಿದರೆ ಕೊನೆಯ 50 ತಿಂಗಳು ಇಎಂಐ ಇರುವುದಿಲ್ಲ. ಆ 29,542ನ್ನು ತಿಂಗಳು ತಿಂಗಳೂ 8.5%ರಲ್ಲಿ ಬೆಳೆಸಿದರೆ 15ನೇ ವರ್ಷದ ಕೊನೆಗೆ 17.81 ಲಕ್ಷ ಆಗುತ್ತದೆ. ಇವತ್ತಿನ 5 ಲಕ್ಷವನ್ನು ತೆರಿಗೆ ಇಲ್ಲದೆ, ತಿಂಗಳ ಚಕ್ರಬಡ್ಡಿಯಲ್ಲಿ 8.5%ಕ್ಕೆ 15 ವರ್ಷ ಇಟ್ಟರೂ ಬರುವುದು ಅದೇ 17.81 ಲಕ್ಷ. ಲೆಕ್ಕ ಕೂದಲೆಳೆಯಷ್ಟೂ ತಪ್ಪದೆ ಕೂಡುತ್ತದೆ. ಆದರೆ ಇಲ್ಲೊಂದು ಷರತ್ತಿದೆ: ಸಾಲ ಮುಗಿದ ಮೇಲೆ ಆ ಇಎಂಐ ಹಣವನ್ನು ನೀವು ನಿಜವಾಗಿಯೂ ಉಳಿಸಬೇಕು. ಸಾಲ ತೀರಿದ ಮರುತಿಂಗಳೇ ಕಾರಿನ ಕಂತು ಶುರುವಾದರೆ ಮೇಲಿನ ಹೋಲಿಕೆಗೆ ಅರ್ಥವೇ ಇರುವುದಿಲ್ಲ.

ಇನ್ನೊಂದು ಸಣ್ಣ ತಿದ್ದುಪಡಿ. ಸಾಲದ 8.5% ತಿಂಗಳಿಗೊಮ್ಮೆ ಲೆಕ್ಕವಾಗುವ ಬಡ್ಡಿ. ವರ್ಷದ ಲೆಕ್ಕಕ್ಕೆ ಅದು 8.84%. ಫಂಡ್‌ಗಳ ಆದಾಯ ಹೇಳುವುದು ವರ್ಷದ ಲೆಕ್ಕದಲ್ಲಿ. ಆದ್ದರಿಂದ ನಿಮ್ಮ ಹೂಡಿಕೆ ತೆರಿಗೆ ಕಳೆದು 8.84% ದಾಟಿದರೆ ಮಾತ್ರ ಸಾಲವನ್ನು ಗೆದ್ದ ಹಾಗೆ.

ಎಫ್‌ಡಿ ಇಲ್ಲಿ ಸ್ಪರ್ಧೆಯಲ್ಲೇ ಇಲ್ಲ. 7% ಎಫ್‌ಡಿ ಅಂದುಕೊಂಡರೂ ನಿಮ್ಮ 15% ಹಂತದಲ್ಲಿ ತೆರಿಗೆ ಕಳೆದು ಕೈಗೆ ಬರುವುದು 5.9%. 2023ರ ಏಪ್ರಿಲ್ ನಂತರ ಕೊಂಡ ಡೆಟ್ ಫಂಡ್‌ಗಳಿಗೂ ನಿಮ್ಮ ಹಂತದ ದರದಲ್ಲೇ ತೆರಿಗೆ, ಹಾಗಾಗಿ ಅವೂ ಇದೇ ಸಾಲಿನಲ್ಲಿ ನಿಲ್ಲುತ್ತವೆ. ಪಿಪಿಎಫ್‌ನ ಬಡ್ಡಿಗೆ ಹೊಸ ಪದ್ಧತಿಯಲ್ಲೂ ತೆರಿಗೆ ಇಲ್ಲ, ಆದರೂ 7.1% ಎಂದರೆ 8.84%ಕ್ಕಿಂತ ಕಡಿಮೆಯೇ. 8.5%ಕ್ಕೆ ಸಾಲ ಇಟ್ಟುಕೊಂಡು ಪಕ್ಕದಲ್ಲಿ ದೊಡ್ಡ ಎಫ್‌ಡಿ ಇಡುವುದು ಪ್ರತಿ ವರ್ಷ ಗೊತ್ತಿದ್ದೂ ನಷ್ಟ ಮಾಡಿಕೊಂಡ ಹಾಗೆ. ತುರ್ತಿಗೆಂದು ಇಟ್ಟ ಹಣದ ಮಾತು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಉಳಿಯುವುದು ಷೇರು ಆಧಾರಿತ ಫಂಡ್. ಒಂದು ವರ್ಷ ದಾಟಿದ ಲಾಭದಲ್ಲಿ 1.25 ಲಕ್ಷದವರೆಗೆ ತೆರಿಗೆ ಇಲ್ಲ, ಅದರ ಮೇಲೆ 12.5%, ಸೆಸ್ ಸೇರಿದರೆ 13%. 15 ವರ್ಷದ ಕೊನೆಗೆ ಎಲ್ಲ ಒಟ್ಟಿಗೆ ಮಾರಿದರೆ, ತೆರಿಗೆ ಕಟ್ಟಿ 17.81 ಲಕ್ಷ ಉಳಿಯಬೇಕಾದರೆ ಫಂಡ್ ವರ್ಷಕ್ಕೆ ಸರಾಸರಿ 9.5% ಕೊಡಬೇಕು. ಫಂಡಿನ ಖರ್ಚು ಕಳೆದ ಮೇಲಿನ 9.5%. ಇದೇ ನಿಮ್ಮ ಗೆರೆ. ಆಗಾಗ ಸ್ವಲ್ಪ ಸ್ವಲ್ಪ ಮಾರಿ ಪ್ರತಿ ವರ್ಷದ 1.25 ಲಕ್ಷದ ವಿನಾಯಿತಿ ಬಳಸಿಕೊಂಡರೆ ಗೆರೆ ಇನ್ನಷ್ಟು ಕೆಳಗೆ ಬರುತ್ತದೆ.

ಫಂಡ್ 11% ಕೊಟ್ಟಿತು ಅನ್ನಿ. 5 ಲಕ್ಷ 23.9 ಲಕ್ಷವಾಗಿ, ತೆರಿಗೆ ಕಳೆದು 21.6 ಲಕ್ಷ ಕೈಗೆ ಬರುತ್ತದೆ. ಸಾಲಕ್ಕೆ ಕಟ್ಟಿದ್ದಕ್ಕಿಂತ 3.8 ಲಕ್ಷ ಹೆಚ್ಚು. ಬರೀ 8% ಕೊಟ್ಟರೆ ತೆರಿಗೆ ಕಳೆದು 14.6 ಲಕ್ಷ ಬರುತ್ತದೆ, ಆಗ 3.2 ಲಕ್ಷ ಹಿಂದೆ. ಮೇಲಕ್ಕೂ ಕೆಳಕ್ಕೂ ಹೆಚ್ಚುಕಡಿಮೆ ಒಂದೇ ದೂರ. ಒಂದು ಕಡೆ ಖಚಿತ, ಇನ್ನೊಂದು ಕಡೆ ಅನಿಶ್ಚಿತ. ಇಷ್ಟು ಸಣ್ಣ ಅಂತರಕ್ಕೆ ಪೂರ್ತಿ 5 ಲಕ್ಷವನ್ನು ಷೇರು ಪೇಟೆಗೆ ಹಾಕಿ ಎಂದು ನಾನು ಹೇಳುವುದಿಲ್ಲ.

ಬಾಕಿ ಅವಧಿಯ ಬಗ್ಗೆಯೂ ಒಂದು ತಪ್ಪು ಕಲ್ಪನೆ ಬೇರೂರಿದೆ. "ಮೊದಲ ವರ್ಷಗಳಲ್ಲಿ ಬಡ್ಡಿಯೆಲ್ಲ ಕಟ್ಟಿಯಾಗಿದೆ, ಕೊನೆಯಲ್ಲಿ ಮುಂಗಡ ಕಟ್ಟಿ ಪ್ರಯೋಜನ ಇಲ್ಲ" ಅನ್ನುತ್ತಾರೆ. ಬ್ಯಾಂಕು ಬಡ್ಡಿ ಹಾಕುವುದು ಆ ತಿಂಗಳು ಬಾಕಿ ಇರುವ ಅಸಲಿಗೆ. 3ನೇ ವರ್ಷದಲ್ಲಿ ಕಟ್ಟಿದ ಒಂದು ಲಕ್ಷವೂ 12ನೇ ವರ್ಷದಲ್ಲಿ ಕಟ್ಟಿದ ಒಂದು ಲಕ್ಷವೂ ದುಡಿಯುವುದು 8.5%ಕ್ಕೇ. ಕೊನೆಯಲ್ಲಿ ಕಟ್ಟಿದ್ದು ಕಡಿಮೆ ವರ್ಷ ದುಡಿಯುವುದರಿಂದ ಉಳಿತಾಯದ ಮೊತ್ತ ಚಿಕ್ಕದಾಗಿ ಕಾಣುತ್ತದೆ, ಅಷ್ಟೇ.

ಅವಧಿ ನಿಜವಾಗಿ ಲೆಕ್ಕಕ್ಕೆ ಬರುವುದು ಹೂಡಿಕೆಯ ಕಡೆಯಿಂದ. 2008ರ ಜನವರಿ 8ರಂದು ಷೇರು ಸೂಚ್ಯಂಕ ನಿಫ್ಟಿ 6,287ರ ಹತ್ತಿರ ಮುಗಿದಿತ್ತು. ಅದೇ ಅಕ್ಟೋಬರ್‌ನಲ್ಲಿ 2,600ಕ್ಕಿಂತ ಕೆಳಗೆ ಬಿತ್ತು. 2013ರ ಡಿಸೆಂಬರ್ ಕೊನೆಗೆ ನೋಡಿದರೆ ಮತ್ತೆ 6,300ರ ಆಸುಪಾಸಿನಲ್ಲೇ ಇತ್ತು. ಡಿವಿಡೆಂಡ್ ಬಿಟ್ಟರೆ ಸುಮಾರು ಆರು ವರ್ಷ ಏನೂ ಬೆಳೆದಿರಲಿಲ್ಲ. ನಿಮ್ಮ ಸಾಲಕ್ಕೆ ನಾಲ್ಕೈದು ವರ್ಷ ಮಾತ್ರ ಉಳಿದಿದ್ದರೆ, ಅಷ್ಟರೊಳಗೆ ಹಣ ಬೇಕೆಂದಿದ್ದರೆ, ನಿಜವಾದ ಹೋಲಿಕೆ ಎಫ್‌ಡಿ ಜೊತೆ ಮಾತ್ರ. ಅಲ್ಲಿ ಸಾಲವೇ ಗೆಲ್ಲುತ್ತದೆ. 15 ವರ್ಷ ಉಳಿದಿರುವ ನಿಮಗೆ ಷೇರಿಗೂ ಒಂದು ಪಾಲು ಕೊಡುವಷ್ಟು ಸಮಯವಿದೆ.

ಯಾವ ಕಡೆ ಹಾಕುವ ಮುಂಚೆಯೂ ಎರಡು ಕೆಲಸ ಮಾಡಿ. ಮೊದಲನೆಯದು, ಆರು ತಿಂಗಳ ಇಎಂಐ ಮತ್ತು ಮನೆಖರ್ಚು ಬೇರೆ ಖಾತೆಯಲ್ಲೋ ಎಫ್‌ಡಿಯಲ್ಲೋ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಈ 5 ಲಕ್ಷದಿಂದಲೇ ಅದನ್ನು ಎತ್ತಿಡಿ. ಸಾಮಾನ್ಯ ಗೃಹಸಾಲಕ್ಕೆ ಕಟ್ಟಿದ ಹಣ ವಾಪಸ್ ಬರುವುದಿಲ್ಲ. ಬೇಕೆಂದರೆ ಟಾಪ್-ಅಪ್ ಸಾಲ ಕೇಳಬೇಕು, ಅದಕ್ಕೆ ಮತ್ತೆ ಸಂಬಳದ ಚೀಟಿ, ದಾಖಲೆ. ಕೆಲಸ ಹೋದ ತಿಂಗಳಲ್ಲಿ ಅದು ಸಿಗುವುದೇ ಅನುಮಾನ. ಎಷ್ಟು ಮುಂಗಡ ಕಟ್ಟಿದ್ದರೂ ಮುಂದಿನ ತಿಂಗಳ ಇಎಂಐ ತಪ್ಪಿಸಲು ಅದು ನೆರವಾಗುವುದಿಲ್ಲ. ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲ ಇರುವವರಿಗೆ ಈ ತೊಂದರೆ ಇಲ್ಲ, ಅದರಲ್ಲಿ ಹಾಕಿದ ಹೆಚ್ಚುವರಿ ಹಣವನ್ನು ಬೇಕಾದಾಗ ತೆಗೆಯಬಹುದು.

ಎರಡನೆಯದು, ದರ. 2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಫೆಬ್ರುವರಿಯಿಂದ ಜೂನ್‌ವರೆಗೆ 6.5%ರಿಂದ 5.5%ಕ್ಕೆ ಇಳಿಸಿತು. 2019ರ ಅಕ್ಟೋಬರ್ ನಂತರ ಬ್ಯಾಂಕುಗಳು ಕೊಟ್ಟ ಫ್ಲೋಟಿಂಗ್ ಗೃಹಸಾಲಗಳು ಸಾಮಾನ್ಯವಾಗಿ ರೆಪೊದಂಥ ಹೊರಗಿನ ದರಕ್ಕೆ ಕಟ್ಟಿಕೊಂಡಿರುತ್ತವೆ. ನಿಮ್ಮದು ಇನ್ನೂ 8.5% ಇದೆ ಎಂದರೆ ಸಾಲ ಬ್ಯಾಂಕು ತಾನೇ ನಿಗದಿಪಡಿಸುವ ಹಳೆಯ ಎಂಸಿಎಲ್‌ಆರ್ ದರದ ಮೇಲಿದೆಯೋ, ಹೌಸಿಂಗ್ ಫೈನಾನ್ಸ್ ಕಂಪನಿಯದೋ, ಅಥವಾ ರೆಪೊ ಮೇಲೆ ಬ್ಯಾಂಕು ಸೇರಿಸುವ ಸ್ಪ್ರೆಡ್ ಹೆಚ್ಚಿದೆಯೋ ಕೇಳಿ. ಹೊಸ ಸಾಲಗಾರರಿಗೆ ಅದೇ ಬ್ಯಾಂಕು ಯಾವ ದರ ಕೊಡುತ್ತಿದೆ ಎಂದು ನೋಡಿ, ದರ ಬದಲಾವಣೆಗೆ ಅರ್ಜಿ ಕೊಡಿ. ಸಣ್ಣ ಪರಿವರ್ತನಾ ಶುಲ್ಕ ಇರುತ್ತದೆ. 8.5% ಹೋಗಿ 8% ಆದರೂ ಇಎಂಐ 872 ರೂಪಾಯಿ ಇಳಿಯುತ್ತದೆ, 15 ವರ್ಷಕ್ಕೆ 1.57 ಲಕ್ಷ. ದರ 7.5%ಕ್ಕೆ ಬಂದರೆ ಷೇರು ಫಂಡ್ ದಾಟಬೇಕಾದ ಗೆರೆಯೂ 9.5%ರಿಂದ ಸುಮಾರು 8.4%ಕ್ಕೆ ಇಳಿಯುತ್ತದೆ. ಆಗ ನನ್ನ ಉತ್ತರವೂ ಬದಲಾಗುತ್ತದೆ.

ಹಾಗಾಗಿ ನನ್ನ ಲೆಕ್ಕ ಇದು. ತುರ್ತು ಹಣ ಬೇರೆ ಇದೆ, ದರ 8.5%ರಲ್ಲೇ ನಿಲ್ಲುತ್ತದೆ ಎಂದಾದರೆ 5 ಲಕ್ಷದಲ್ಲಿ 3.5 ಲಕ್ಷ ಸಾಲಕ್ಕೆ, 1.5 ಲಕ್ಷ ಇಂಡೆಕ್ಸ್ ಫಂಡ್‌ಗೆ. ಆ ಫಂಡಿನ ಹಣ ಹತ್ತು ವರ್ಷ ಮುಟ್ಟುವುದಿಲ್ಲ ಅನ್ನುವ ಧೈರ್ಯ ಇಲ್ಲದಿದ್ದರೆ ಪೂರ್ತಿ ಸಾಲಕ್ಕೇ ಕಟ್ಟಿ. ದರ 7.5%ರ ಹತ್ತಿರಕ್ಕೆ ಇಳಿದರೆ ಈ ಪಾಲನ್ನು ತಿರುಗಿಸಿ, 3.5 ಲಕ್ಷ ಫಂಡ್‌ಗೆ ಹಾಕಿ. ಕ್ರೆಡಿಟ್ ಕಾರ್ಡ್ ಬಾಕಿಯೋ ಪರ್ಸನಲ್ ಲೋನೋ ಇದ್ದರೆ ಮಾತ್ರ ಇದೆಲ್ಲ ಬದಿಗಿಟ್ಟು ಮೊದಲು ಅದನ್ನು ತೀರಿಸಿ.

ಇನ್ನು ಕಟ್ಟುವ ರೀತಿ. ಇಲ್ಲಿ ತಪ್ಪಾಗುವುದೇ ಹೆಚ್ಚು. ಫ್ಲೋಟಿಂಗ್ ದರದ ಗೃಹಸಾಲವನ್ನು ವ್ಯಕ್ತಿಯೊಬ್ಬರು ಮುಂಗಡವಾಗಿ ಕಟ್ಟಿದರೆ ದಂಡ ಹಾಕುವಂತಿಲ್ಲ. ಯಾರಾದರೂ ಶುಲ್ಕ ಕೇಳಿದರೆ ಯಾವ ನಿಯಮದಡಿ ಎಂದು ಬರಹದಲ್ಲಿ ಕೇಳಿ. ಹಣವನ್ನು ಸುಮ್ಮನೆ ಇಎಂಐ ಕಡಿತವಾಗುವ ಉಳಿತಾಯ ಖಾತೆಗೆ ಹಾಕಿಬಿಟ್ಟರೆ ಅದು ಅಲ್ಲೇ ಕೂರುತ್ತದೆ, ಸಾಲಕ್ಕೆ ಹೋಗುವುದಿಲ್ಲ. ಸಾಲದ ಖಾತೆಗೇ ಹಾಕಿದರೂ ಕೆಲವು ಕಡೆ ಅದನ್ನು ಮುಂದಿನ ಇಎಂಐಗಳ ಮುಂಗಡವೆಂದು ಬರೆದುಕೊಳ್ಳುತ್ತಾರೆ, ಆಗ ಅಸಲು ಇಳಿಯುವುದಿಲ್ಲ. ಆದ್ದರಿಂದ ಇಎಂಐ ಕಡಿತವಾದ ಮರುದಿನವೇ, "ಅಸಲಿಗೆ ಪಾರ್ಟ್ ಪೇಮೆಂಟ್, ಇಎಂಐ ಬದಲಾಯಿಸಬೇಡಿ, ಅವಧಿ ಇಳಿಸಿ" ಎಂದು ಇಮೇಲ್‌ನಲ್ಲೋ ಶಾಖೆಯಲ್ಲಿ ಪತ್ರ ಕೊಟ್ಟೋ ತಿಳಿಸಿ. ಪತ್ರದ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ನೀವು ಏನೂ ಹೇಳದಿದ್ದರೆ ಬ್ಯಾಂಕಿನ ವ್ಯವಸ್ಥೆ ತನ್ನಷ್ಟಕ್ಕೆ ಇಎಂಐಯನ್ನೇ ಇಳಿಸಿಬಿಡಬಹುದು. ಹೊಸ ಕಂತುಪಟ್ಟಿ ಕೇಳಿ ಪಡೆಯಿರಿ.

ಕೆಲಸ ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ಮುಂದಿನ ತಿಂಗಳ ಸ್ಟೇಟ್‌ಮೆಂಟಿನ ಒಂದೇ ಸಾಲು ಸಾಕು. ನಿಮ್ಮ 29,542ರಲ್ಲಿ ಈಗ ಬಡ್ಡಿ 21,250, ಅಸಲು 8,292. ಪೂರ್ತಿ 5 ಲಕ್ಷ ಕಟ್ಟಿದ್ದರೆ ಅದು ಬಡ್ಡಿ 17,708, ಅಸಲು 11,834ರ ಆಸುಪಾಸಿಗೆ ಬರಬೇಕು. ಬರೀ 3.5 ಲಕ್ಷ ಕಟ್ಟಿದ್ದರೆ ಬಡ್ಡಿ 18,771ರ ಹತ್ತಿರ ಇರಬೇಕು. ಬ್ಯಾಂಕು ದಿನದ ಲೆಕ್ಕದಲ್ಲಿ ಬಡ್ಡಿ ಹಾಕುತ್ತಿದ್ದರೆ ನೂರಿನ್ನೂರು ಹೆಚ್ಚುಕಡಿಮೆ ಬರಬಹುದು. ಆದರೆ ಬಡ್ಡಿಯ ಕಾಲಂನಲ್ಲಿ ಇನ್ನೂ 21,000ದ ಮೇಲೇ ಕಂಡರೆ ನಿಮ್ಮ ಹಣ ಅಸಲಿಗೆ ಸೇರಿಲ್ಲ. ಅದೇ ದಿನ ಶಾಖೆಗೆ ಹೋಗಿ, ನೀವು ಕಟ್ಟಿದ ದಿನಾಂಕದಿಂದಲೇ ಲೆಕ್ಕ ತಿದ್ದಿಸಿಕೊಳ್ಳಿ.